ಸೀಟಿ ಕೇಳದ ಮಗುವಿಗೂ ಖೋ ಖೋ: ಬಾವುಟ ಎಲ್ಲಿ ನಿಲ್ಲಬೇಕು?

ಖೋ ಖೋ ಅಂಕಣದ ನಡುಗೆರೆಯಲ್ಲಿ ಕುಳಿತ ಎಂಟು ಮಕ್ಕಳಲ್ಲಿ ಒಬ್ಬಳಿಗೆ ಕಿವಿ ಕೇಳಿಸುವುದಿಲ್ಲ. ಅವಳ ಹಿಂದೆ ಬಂದ ಗೆಳತಿ ಬೆನ್ನಿಗೆ ಬೆರಳ ತುದಿಯನ್ನಷ್ಟೇ ತಾಗಿಸಿ 'ಖೋ' ಎಂದು ಕೂಗಿ ಕುಳಿತುಕೊಳ್ಳಲು ಬಾಗಿದ್ದಾಳೆ. ಕುಳಿತವಳು ಏಳಲಿಲ್ಲ, ಏಕೆಂದರೆ ಅವಳಿಗೆ ತಿಳಿದದ್ದು ಅಂಗಿ ಅಲುಗಿದ್ದು ಮಾತ್ರ. ಓಡುವವರು ಹತ್ತಿರ ಸುಳಿದಾಗಲೂ ಅಂಗಿ ಹಾಗೆಯೇ ಅಲುಗುತ್ತದೆ. ಅಷ್ಟರಲ್ಲಿ ಓಡುವವರು ಆಚೆ ದಾಟಿದರು, ತಂಡದವರು 'ಏಳೇ, ಏಳೇ' ಎಂದು ಕೂಗಿದರು, ಆ ಕೂಗೂ ಅವಳನ್ನು ತಲುಪಲಿಲ್ಲ. ಮುಂದಿನ ವಾರದಿಂದ ಆಕೆ ಹೊಟ್ಟೆನೋವೆಂದು ಹೇಳಿ ಮರದ ಕೆಳಗೆ ಕುಳಿತುಕೊಳ್ಳತೊಡಗಿದಳು.

ಇದು ನನ್ನದೇ ತರಗತಿಯಲ್ಲಿ ನಡೆದದ್ದು. ಬೆಂಗಳೂರಿನ ಪಶ್ಚಿಮ ಭಾಗದ ಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಆ ವರ್ಷದ ಏಳನೆಯ ತರಗತಿಯಲ್ಲಿ 38 ಮಕ್ಕಳಿದ್ದರು. ಅವರಲ್ಲಿ ಇಬ್ಬರು ಕಿವುಡರು. ಹುಡುಗಿ ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕುತ್ತಿದ್ದಳು, ಹುಡುಗನಿಗೆ ಚಿಕ್ಕಂದಿನಲ್ಲಿಯೇ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಕೂರಿಸುವ ಶ್ರವಣ ಸಾಧನ, ಅಳವಡಿಸಲಾಗಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೆಯ ಕಲಮು ಇಂಥ ಮಕ್ಕಳಿಗೆ ಪಾಠದ ಜೊತೆಗೆ ಆಟ ಮತ್ತು ಮನರಂಜನೆಯಲ್ಲಿಯೂ ಇತರರ ಸಮಾನ ಅವಕಾಶ ಇರಬೇಕೆಂದು ಹೇಳುತ್ತದೆ. ಆದರೆ ಸೀಟಿಯ ಮೇಲೆಯೇ ನಡೆಯುವ ಆಟವನ್ನು ಸೀಟಿ ಕೇಳದ ಮಗುವಿಗೆ ಹೇಗೆ ಒಗ್ಗಿಸಬೇಕು ಎಂಬುದನ್ನು ನಾನು ಮೈದಾನದಲ್ಲಿಯೇ, ಹಲವು ಸಲ ತಪ್ಪಿ, ಕಲಿಯಬೇಕಾಯಿತು. ಖೋ ಖೋ ಒಂದನ್ನೇ ಹಿಡಿದು ಅದನ್ನು ಇಲ್ಲಿ ವಿವರಿಸುತ್ತೇನೆ. ಈ ಆಟದಲ್ಲಿ ಕಿವಿ, ಕಣ್ಣು, ಸ್ಪರ್ಶ ಮೂರಕ್ಕೂ ಕೆಲಸವಿರುವುದರಿಂದ, ಇದನ್ನು ಸರಿಪಡಿಸುವ ದಾರಿ ತಿಳಿದರೆ ಬೇರೆ ಆಟಗಳ ದಾರಿ ತಾನಾಗಿ ಹೊಳೆಯುತ್ತದೆ.

ಸೀಟಿಯ ಜಾಗಕ್ಕೆ ಬಾವುಟ ಬಂದರೆ ಸಾಲದು

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಸೀಟಿ ಊದುವಾಗ ಇನ್ನೊಂದು ಕೈಯಲ್ಲಿ ಕೆಂಪು ಬಾವುಟ ಎತ್ತಿದೆ. ನಾನು ನಿಲ್ಲುತ್ತಿದ್ದದ್ದು ಒಂದು ಕಂಬದ ಹಿಂದೆ, ಅಲ್ಲಿಂದ ಅಂಕಣದ ಉದ್ದಕ್ಕೂ ಕಾಣುತ್ತದೆ ಎಂಬ ಕಾರಣಕ್ಕೆ. ಆ ಬಾವುಟದಿಂದ ಬಹುಮಟ್ಟಿಗೆ ಏನೂ ಪ್ರಯೋಜನವಾಗಲಿಲ್ಲ. ಆಟ ನಿಲ್ಲಿಸಿದಾಗಲೆಲ್ಲ ಕೊನೆಯಲ್ಲಿ ನಿಲ್ಲುತ್ತಿದ್ದವಳು ಅದೇ ಹುಡುಗಿ, ಅದೂ ಬಾವುಟ ನೋಡಿ ಅಲ್ಲ, ಉಳಿದವರು ನಿಂತದ್ದನ್ನು ನೋಡಿ.

ಕಾರಣ ಸರಳ. ಶಬ್ದ ಎಲ್ಲ ದಿಕ್ಕಿನಿಂದಲೂ, ಕೇಳುವವನು ಯಾವ ಕಡೆ ತಿರುಗಿದ್ದರೂ, ಅವನ ಅಪ್ಪಣೆಗೆ ಕಾಯದೆ ಒಳಗೆ ಬರುತ್ತದೆ. ಬಾವುಟ ಹಾಗಲ್ಲ, ಅದು ತನ್ನ ಕಡೆ ಮುಖ ಮಾಡಿದವರಿಗೆ ಮಾತ್ರ ಇರುತ್ತದೆ. ಎರಡೂ ಕಣ್ಣು ಸೇರಿ ನಮ್ಮ ನೋಟದ ಹರಹು ಸುಮಾರು 180 ಡಿಗ್ರಿ ಇದ್ದರೂ, ಅದರ ಅಂಚಿನಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಅಲುಗಾಟ ಮಾತ್ರ ತಿಳಿಯುತ್ತದೆ. ಆದ್ದರಿಂದ ಬಾವುಟ ಯಾವ ಬಣ್ಣದ್ದು ಎಂಬುದಕ್ಕಿಂತ, ಆಡುತ್ತಿರುವ ಮಗುವಿನ ಕಣ್ಣು ಆ ಗಳಿಗೆಯಲ್ಲಿ ಎಲ್ಲಿರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ನಾನು ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಕಿವುಡರ ಕ್ರೀಡಾಕೂಟಗಳು ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿವೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ, ಈಗ ಡೆಫ್ಲಿಂಪಿಕ್ಸ್ ಎಂದು ಕರೆಯುವ ಕೂಟದಲ್ಲಿ ಫುಟ್‌ಬಾಲ್ ರೆಫ್ರಿ ಬಾವುಟ ಹಿಡಿದೇ ಓಡುತ್ತಾರೆ, ಓಟದ ಸ್ಪರ್ಧೆ ಬಣ್ಣದ ದೀಪದಿಂದ ಆರಂಭವಾಗುತ್ತದೆ. ಆದರೆ ಅಲ್ಲಿ ಆಡುವವರೆಲ್ಲರೂ ಕಿವುಡರು. ಅರ್ಹತೆಗೆ ಚೆನ್ನಾಗಿ ಕೇಳುವ ಕಿವಿಯಲ್ಲಿಯೂ ಕನಿಷ್ಠ 55 ಡೆಸಿಬೆಲ್ ಶ್ರವಣ ನಷ್ಟವಿರಬೇಕು, ಸ್ಪರ್ಧೆಯ ವೇಳೆ ಹಿಯರಿಂಗ್ ಏಡ್ ತೆಗೆದಿಡಬೇಕು. ಹಾಗಾಗಿ ಎಲ್ಲರೂ ಒಂದೇ ಸಂಕೇತವನ್ನು ಕಾಯುತ್ತಾರೆ. ಸಾಮಾನ್ಯ ಶಾಲೆಯಲ್ಲಿ 36 ಮಕ್ಕಳು ಸೀಟಿಗೆ, ಇಬ್ಬರು ಬಾವುಟಕ್ಕೆ ಎಂದಾದರೆ ಆ ಇಬ್ಬರು ಯಾವಾಗಲೂ ಹಿಂದೆ ಬೀಳುತ್ತಾರೆ. ಮನುಷ್ಯನ ದೇಹ ಶಬ್ದಕ್ಕೆ ಸ್ಪಂದಿಸುವುದೇ ಬೆಳಕಿಗಿಂತ ತುಸು ಬೇಗ. ಸೆಕೆಂಡಿನ ಸಣ್ಣ ಭಾಗವಷ್ಟೇ ಆದರೂ ಓಟದ ಆರಂಭದಲ್ಲಿ ಅದು ಅನ್ಯಾಯವೇ. ಅದಕ್ಕಾಗಿ ನಾನು ಈಗ ಆಟದ ಆರಂಭಕ್ಕೆ ಸೀಟಿಯನ್ನು ಬಳಸುವುದೇ ಇಲ್ಲ. ಎತ್ತಿದ ಬಾವುಟ ಕೆಳಗೆ ಬಿದ್ದಾಗ ಎಲ್ಲರೂ ಓಡಬೇಕು. ಸೀಟಿ ನಿಲ್ಲಿಸುವುದಕ್ಕೆ ಮಾತ್ರ ಉಳಿದಿದೆ, ಏಕೆಂದರೆ ಇಬ್ಬರು ಡಿಕ್ಕಿ ಹೊಡೆಯುವ ಹಂತದಲ್ಲಿ ಕೇಳುವ ಮಕ್ಕಳನ್ನು ತಡೆಯಲು ಅದಕ್ಕಿಂತ ವೇಗದ ಸಾಧನ ನನ್ನ ಬಳಿ ಇಲ್ಲ.

ಅಂಕಣದಲ್ಲಿ ಯಾರ ಕಣ್ಣು ಎಲ್ಲಿರುತ್ತದೆ

ಖೋ ಖೋ ಅಂಕಣ ನಿಯಮದ ಪ್ರಕಾರ 27 ಮೀಟರ್ ಉದ್ದ, 16 ಮೀಟರ್ ಅಗಲ. ಬೆಂಗಳೂರಿನ ಬಹಳಷ್ಟು ಶಾಲೆಗಳಲ್ಲಿ ಅಷ್ಟು ಜಾಗವಿರುವುದಿಲ್ಲ. ನಾವು ಚೌಕಗಳ ಸಂಖ್ಯೆಯನ್ನು ಉಳಿಸಿಕೊಂಡು ಅಳತೆಯನ್ನು ಕುಗ್ಗಿಸಿಕೊಂಡಿದ್ದೇವೆ. ಎರಡು ತುದಿಗಳಲ್ಲಿ ಕಂಬ, ನಡುವೆ ಎಂಟು ಚೌಕ, ಪ್ರತಿ ಚೌಕದಲ್ಲಿ ಬೆನ್ನಟ್ಟುವ ತಂಡದ ಒಬ್ಬರು. ಒಬ್ಬರು ಈ ಬದಿಗೆ ಮುಖ ಮಾಡಿದರೆ ಪಕ್ಕದವರು ಆ ಬದಿಗೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಅವರು ನಡುಗೆರೆಯನ್ನು ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ. ಓಡುವವರು ಮೂವರ ಗುಂಪಾಗಿ ಒಳಗೆ ಬರುತ್ತಾರೆ.

ಈಗ ಕುಳಿತ ಹುಡುಗಿಯ ಕಣ್ಣಿನಿಂದ ನೋಡೋಣ. ಅವಳ ಮುಖ ಅಂಕಣದ ಉದ್ದದ ಗೆರೆಯ ಕಡೆಗಿದೆ. ಕಂಬಗಳೆರಡೂ ಅವಳ ಎಡ ಮತ್ತು ಬಲ ಭುಜದ ನೇರಕ್ಕೆ, ನೋಟದ ತೀರ ಅಂಚಿನಲ್ಲಿವೆ. ಕಂಬದ ಹಿಂದೆ ನಿಂತ ನನ್ನ ಕೆಂಪು ಬಾವುಟ ಅವಳಿಗೆ ಬಣ್ಣವಾಗಿಯಂತೂ ಇರಲಿ, ಅಲುಗಾಟವಾಗಿಯೂ ಕಾಣುವುದು ಕಷ್ಟ, ಏಕೆಂದರೆ ನಡುವೆ ಅದೇ ಸಾಲಿನಲ್ಲಿ ಕುಳಿತ ಮಕ್ಕಳ ತಲೆಗಳಿವೆ. ಬಾವುಟ ನಿಲ್ಲಬೇಕಾದ ಜಾಗ ಕಂಬದ ಹಿಂದೆ ಅಲ್ಲ, ಉದ್ದದ ಗೆರೆಯ ನಟ್ಟನಡುವೆ, ಗೆರೆಯಿಂದ ಎರಡು ಮೀಟರ್ ಆಚೆ. ಎರಡೂ ಬದಿಗೆ ಒಂದೊಂದು. ಆಗ ಅವಳು ಯಾವ ಬದಿಗೆ ಮುಖ ಮಾಡಿ ಕುಳಿತರೂ ಒಂದು ಬಾವುಟ ಕಣ್ಣೆದುರಿಗೇ ಇರುತ್ತದೆ. ಇಷ್ಟು ಬದಲಾವಣೆ ಮಾಡಿದ ದಿನವೇ ವ್ಯತ್ಯಾಸ ಕಂಡಿತು.

ಬಾವುಟ ಹಿಡಿಯುವವರು ಮಕ್ಕಳೇ. ಪ್ರತಿ ತರಗತಿಯಲ್ಲಿಯೂ ಆ ದಿನ ಜ್ವರದಿಂದಲೋ ಕಾಲುನೋವಿನಿಂದಲೋ ಆಡದೆ ಕುಳಿತವರು, ಸರದಿಗೆ ಕಾಯುವವರು ಇದ್ದೇ ಇರುತ್ತಾರೆ. ಅವರಿಗೆ ನಾನು ಕೊಡುವ ಸೂಚನೆ ಒಂದೇ: ಆಟ ನೋಡಬೇಡಿ, ನನ್ನನ್ನು ನೋಡಿ. ಇದು ಮಕ್ಕಳಿಗೆ ನಿಜಕ್ಕೂ ಕಷ್ಟದ ಕೆಲಸ, ಆದ್ದರಿಂದ ಐದೈದು ನಿಮಿಷಕ್ಕೆ ಬದಲಿಸುತ್ತೇನೆ. ನಾನು ಮೊದಲು ತೋಳೆತ್ತಿ, ಆಮೇಲೆ ಸೀಟಿ ಊದುತ್ತೇನೆ. ಹೀಗೆ ಮಾಡಿದರೆ ಬಾವುಟ ಸೀಟಿಯ ಜೊತೆಜೊತೆಗೆ ಏಳುತ್ತದೆ, ಸೀಟಿ ಕೇಳಿದ ಮೇಲೆ ಎತ್ತಿದರೆ ಅರ್ಧ ಸೆಕೆಂಡಾದರೂ ತಡವಾಗುತ್ತದೆ. ಕಿವುಡ ಮಕ್ಕಳಿಬ್ಬರೂ ತಮ್ಮ ಸರದಿಯಲ್ಲಿ ಬಾವುಟ ಹಿಡಿಯುತ್ತಾರೆ. ನೋಡಿಯೇ ತಿಳಿಯಬೇಕಾದ ಈ ಕೆಲಸದಲ್ಲಿ ಅವರು ಉಳಿದವರಿಗಿಂತ ಚುರುಕು. ಹುಟ್ಟಿನಿಂದ ಕಿವುಡರಾಗಿ ಸಂಜ್ಞಾ ಭಾಷೆಯಲ್ಲಿ ಬೆಳೆದವರಿಗೆ ನೋಟದ ಅಂಚಿನ ಚಲನೆಯತ್ತ ಗಮನ ಹೆಚ್ಚು ಎಂಬುದು ಪ್ರಯೋಗಗಳಲ್ಲಿಯೂ ಕಂಡುಬಂದಿದೆ.

ಬಾವುಟದ ಬಟ್ಟೆ ಒಂದೂವರೆ ಅಡಿ ಚೌಕ ಇದ್ದರೆ ಸಾಕು, ಕೋಲು ಎರಡು ಅಡಿ. ಬಣ್ಣವನ್ನು ಮೈದಾನ ನೋಡಿ ಆರಿಸಬೇಕು. ನಮ್ಮ ಮೈದಾನ ಕೆಮ್ಮಣ್ಣಿನದು, ಒಂದು ಬದಿಗೆ ಹೊಂಗೆ ಮರಗಳ ಸಾಲು. ಅಲ್ಲಿ ಕೆಂಪು ಬಾವುಟ ಮಣ್ಣಿನಲ್ಲಿ, ಹಸಿರು ಬಾವುಟ ಎಲೆಗಳಲ್ಲಿ ಕರಗಿಹೋಗುತ್ತದೆ. ಈಗ ಎರಡೂ ಬದಿಗೆ ಕಡು ಹಳದಿ ಬಾವುಟವಿದೆ. ಬಣ್ಣ ಬದಲಿಸಿ ಅರ್ಥ ಬದಲಿಸುವ ಪದ್ಧತಿಯನ್ನೂ ಬಿಟ್ಟೆ, ಏಕೆಂದರೆ ಕೆಂಪು ಹಸಿರಿನ ವ್ಯತ್ಯಾಸ ತಿಳಿಯದ ಹುಡುಗರು ಅಲ್ಲೊಬ್ಬರು ಇಲ್ಲೊಬ್ಬರು ಎಲ್ಲ ಶಾಲೆಗಳಲ್ಲಿಯೂ ಇರುತ್ತಾರೆ. ಅರ್ಥವೆಲ್ಲ ಚಲನೆಯಲ್ಲಿದೆ. ಮೇಲೆತ್ತಿ ಕೆಳಗೆ ಬೀಳಿಸಿದರೆ ಆರಂಭ. ತಲೆಯ ಮೇಲೆ ಅಡ್ಡಡ್ಡ ಬೀಸಿದರೆ ನಿಲ್ಲಿ. ಅಲುಗಿಸದೆ ಅಡ್ಡ ಹಿಡಿದರೆ ಕೊನೆಯ ಒಂದು ನಿಮಿಷ ಉಳಿದಿದೆ. ಮೂರಕ್ಕಿಂತ ಹೆಚ್ಚು ಸಂಕೇತ ಇಟ್ಟಾಗ ಬಾವುಟ ಹಿಡಿದವರೇ ಗೊಂದಲಕ್ಕೆ ಬಿದ್ದರು.

ಇನ್ನು ಓಡುವವರ ಕಣ್ಣು. ಅದು ಎಲ್ಲಿಯೂ ನಿಲ್ಲುವುದಿಲ್ಲ. ಬೆನ್ನಟ್ಟುವವರ ಮೇಲೆ, ಕಂಬದ ಮೇಲೆ, ಕುಳಿತವರ ನಡುವಿನ ಸಂದಿಯ ಮೇಲೆ ಹರಿದಾಡುತ್ತಲೇ ಇರುತ್ತದೆ. ಗೆರೆಯಾಚೆ ನಿಂತ ಬಾವುಟವನ್ನು ಅವರು ನೋಡುತ್ತಾರೆಂಬ ಭರವಸೆ ಇಲ್ಲ. ಈ ತೊಡಕಿಗೆ ಉತ್ತರ ಆಟದ ಒಳಗೇ ಇತ್ತು, ನನಗೆ ಕಾಣಲು ಮೂರು ವಾರ ಬೇಕಾಯಿತು. ಓಡುವ ಹುಡುಗ ಅಂಕಣದ ಯಾವ ಬದಿಯಲ್ಲಿದ್ದರೂ ಅವನ ಆಟ ನಡೆಯುವುದು ಕುಳಿತ ಎಂಟು ಜನರ ಸುತ್ತ. ಆದ್ದರಿಂದ ಸೀಟಿ ಆದ ಕೂಡಲೇ ಕುಳಿತ ಎಂಟೂ ಜನ ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಬೇಕು ಎಂದು ನಿಯಮ ಮಾಡಿದೆವು. ಹದಿನಾರು ಕೈಗಳು ಒಮ್ಮೆಗೇ ಎದ್ದರೆ ಅದನ್ನು ನೋಡದಿರಲು ಸಾಧ್ಯವಿಲ್ಲ. ಮುಖ ಯಾವ ಕಡೆಗಿದ್ದರೂ ಕೈ ಎರಡೂ ಬದಿಗೆ ಕಾಣುತ್ತದೆ. ಕೇಳುವ ಮಕ್ಕಳು ಸೀಟಿಗೆ, ಕುಳಿತ ಕಿವುಡ ಮಗು ಎದುರಿನ ಬಾವುಟಕ್ಕೆ ಕೈ ಎತ್ತುತ್ತಾರೆ. ಓಡುವವರು ಆ ಕೈಗಳಿಗೆ ನಿಲ್ಲುತ್ತಾರೆ. ಔಟಾದದ್ದು ತಿಳಿಯದೆ ಒಬ್ಬನೇ ಓಡುತ್ತಾ ಉಳಿದು, ಸುತ್ತ ನಗು ಎದ್ದ ಮೇಲೆ ನಿಲ್ಲುವ ನೋವು ಆ ಹುಡುಗನಿಗೆ ಅಲ್ಲಿಗೆ ತಪ್ಪಿತು.

ಸಂಕೇತ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಅಭ್ಯಾಸದ ಆಟವನ್ನು ಮುನ್ಸೂಚನೆ ಕೊಡದೆ ಹತ್ತು ಸಲ ನಿಲ್ಲಿಸಿ, ಪ್ರತಿ ಸಲ ಕೊನೆಯಲ್ಲಿ ನಿಂತವರು ಯಾರು ಎಂದು ಬರೆದುಕೊಳ್ಳಬೇಕು. ಕೊನೆಯವರು ಬೇರೆ ಬೇರೆಯಾಗಿದ್ದರೆ ವ್ಯವಸ್ಥೆ ಸರಿಯಿದೆ. ಒಂದೇ ಮಗು ಮತ್ತೆ ಮತ್ತೆ ಕೊನೆಯಲ್ಲಿದ್ದರೆ ತಪ್ಪು ಆ ಮಗುವಿನದಲ್ಲ, ಬಾವುಟ ಬೇರೆ ಕಡೆಗೆ ಸರಿಯಬೇಕು ಎಂದರ್ಥ.

'ಖೋ' ಎಂಬ ಶಬ್ದವನ್ನು ಏನು ಮಾಡುವುದು

ಆಟದ ನಿಯಮದಲ್ಲಿ ಖೋ ಕೊಡುವುದೆಂದರೆ ಬೆನ್ನು ಮುಟ್ಟಿ, ಕೇಳುವಂತೆ 'ಖೋ' ಎನ್ನುವುದು. ಮುಟ್ಟುವುದು ಇರುವುದರಿಂದ ಕಿವುಡ ಮಗುವಿಗೆ ಅರ್ಧ ದಾರಿ ಈಗಾಗಲೇ ತೆರೆದಿದೆ. ಉಳಿದರ್ಧ ಏನೆಂದರೆ, ಇದು ಖೋ ಕೊಟ್ಟ ಕೈಯೋ, ಹಾದುಹೋದ ಕೈಯೋ ಎಂದು ಕೇಳುವ ಮಕ್ಕಳಿಗೆ ತಿಳಿಸುವುದು ಆ ಶಬ್ದವೇ. ಅದಿಲ್ಲದಾಗ ಸ್ಪರ್ಶವೇ ಸ್ಪಷ್ಟವಾಗಿರಬೇಕು. ನಮ್ಮ ತರಗತಿಯಲ್ಲಿ ಖೋ ಎಂದರೆ ಎರಡು ಭುಜದೆಲುಬುಗಳ ನಡುವೆ ಅಂಗೈಯಿಂದ ಪಟಪಟನೆ ಎರಡು ತಟ್ಟು. ಒಂದು ತಟ್ಟು ಖೋ ಅಲ್ಲ, ಬೆರಳ ತುದಿ ಖೋ ಅಲ್ಲ, ತಳ್ಳಿದರೆ ಫೌಲ್. ಇದು ಕಿವುಡ ಮಕ್ಕಳಿಗೆ ಮಾತ್ರವಲ್ಲದೆ 38 ಮಕ್ಕಳಿಗೂ ಅನ್ವಯಿಸುತ್ತದೆ, ಏಕೆಂದರೆ ಕೆಲವರಿಗೆ ಮಾತ್ರ ಬೇರೆ ರೀತಿಯಲ್ಲಿ ಕೊಡಬೇಕೆಂದರೆ ಓಡುವ ವೇಗದಲ್ಲಿ ಯಾರಿಗೂ ನೆನಪಿರುವುದಿಲ್ಲ.

ಕಿವುಡ ಮಗು ಖೋ ಕೊಡುವಾಗ ಇನ್ನೊಂದು ತೊಡಕು ಬರುತ್ತದೆ. ನಮ್ಮ ಹುಡುಗಿಗೆ ದನಿ ಇತ್ತು, ಆದರೆ ಆ ದನಿಯನ್ನು ಯಾರೋ ಅಣಕಿಸಿದ ಮೇಲೆ ಆಕೆ ಬಾಯಿ ಬಿಡುತ್ತಿರಲಿಲ್ಲ. ಅವಳಿಗೆ ಮಾತ್ರ ಶಬ್ದದಿಂದ ವಿನಾಯಿತಿ ಕೊಟ್ಟಾಗ ಎದುರು ತಂಡದವರು ಬಂದು, 'ಸಾರ್, ಅವಳು ಕೊಟ್ಟಿದ್ದು ನಮಗೆ ಗೊತ್ತೇ ಆಗಲ್ಲ, ನಾವು ಔಟಾಗ್ತೀವಿ' ಎಂದು ದೂರಿದರು. ದೂರು ನ್ಯಾಯವಾದದ್ದೇ ಆಗಿತ್ತು. ಓಡುವವರು 'ಖೋ' ಕೇಳಿಯೇ ದಾಳಿ ಯಾವ ಬದಿಗೆ ತಿರುಗಿತೆಂದು ತಿಳಿಯುತ್ತಾರೆ. ಕೊನೆಗೆ ಎರಡೂ ತಂಡಗಳು ಶಬ್ದವನ್ನು ಬಿಟ್ಟು, ಎರಡು ತಟ್ಟು ತಟ್ಟಿದ ಕೂಡಲೇ ಎದ್ದವರು ಒಂದು ಕೈಯನ್ನು ಪೂರ್ತಿ ಮೇಲೆತ್ತಿ ಮೂರು ಹೆಜ್ಜೆ ಓಡಬೇಕೆಂದು ಒಪ್ಪಿಕೊಂಡವು. ಎದ್ದ ಕೈಯೇ ಈಗ ನಮ್ಮ 'ಖೋ'.

ಒಂದು ವಿಷಯವನ್ನು ಮಾತ್ರ ಇದರಿಂದ ಪೂರ್ತಿ ಸರಿಪಡಿಸಲಾಗಿಲ್ಲ. ನಡುಗೆರೆಗೆ ಬೆನ್ನು ಹಾಕಿ ಓಡುತ್ತಿರುವ ಕಿವುಡ ಹುಡುಗನಿಗೆ ಹಿಂದೆ ಎದ್ದ ಕೈ ಕಾಣುವುದಿಲ್ಲ. ಶಬ್ದವಿಲ್ಲದ ಆಟದಲ್ಲಿ ಈ ಕಷ್ಟ ಎಲ್ಲರಿಗೂ ಸಮಾನ ಎಂಬುದು ನಿಜ, ಆದರೂ ನಾವು ಅದಕ್ಕೊಂದು ಅಭ್ಯಾಸವನ್ನು ಬೆಳೆಸಿದೆವು: ಪ್ರತಿ ಎರಡು ಚೌಕ ದಾಟಿದಾಗ ಒಮ್ಮೆ ಭುಜದ ಮೇಲಿಂದ ಸಾಲಿನ ಕಡೆ ನೋಡುವುದು. ನುರಿತ ಆಟಗಾರರು ಹೇಗೂ ಇದನ್ನು ಮಾಡುತ್ತಾರೆ, ಏಳುವ ಮೊದಲು ಕುಳಿತವರ ಹಿಮ್ಮಡಿ ಎತ್ತುವುದನ್ನು ಕಂಡೇ ಜಾಗ ಬದಲಿಸುತ್ತಾರೆ.

ಮಾತು ನಿಲ್ಲಿಸಿ ಮಾಡಿ ತೋರಿಸುವುದು

ಹೊಸ ಆಟ ಕಲಿಸುವಾಗ ನಾವು ಶಿಕ್ಷಕರು ಮಾಡುವ ದೊಡ್ಡ ತಪ್ಪೆಂದರೆ ಮಾಡಿ ತೋರಿಸುತ್ತಲೇ ಮಾತನಾಡುವುದು. ಕೇಳುವ ಮಗುವಿಗೆ ಕಣ್ಣು ನನ್ನ ಕಾಲಿನ ಮೇಲೆ, ಕಿವಿ ನನ್ನ ಮಾತಿನ ಮೇಲೆ ಇರಬಹುದು. ಕಿವುಡ ಮಗುವಿಗೆ ಎರಡಕ್ಕೂ ಕಣ್ಣೇ ಬೇಕು. ನನ್ನ ತುಟಿ ನೋಡಿದರೆ ಕಾಲು ತಪ್ಪುತ್ತದೆ, ಕಾಲು ನೋಡಿದರೆ ಮಾತು ತಪ್ಪುತ್ತದೆ. ಆದ್ದರಿಂದ ತೋರಿಸುವಾಗ ಮೌನ, ಮಾತನಾಡುವಾಗ ನಿಂತ ದೇಹ, ಎರಡರ ನಡುವೆ ಒಂದು ಗಳಿಗೆ ಬಿಡುವು. ಇದು ಕೇಳಲು ಸಣ್ಣದಾದರೂ ರೂಢಿಯಾಗಲು ನನಗೆ ಒಂದು ಟರ್ಮ್ ಹಿಡಿಯಿತು.

ತುಟಿಯೋದುವಿಕೆಯ ಮೇಲೆ ಭಾರ ಹಾಕುವಂತೆಯೂ ಇಲ್ಲ. ಕನ್ನಡದಲ್ಲಿ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಕನ್ನಡಿಯ ಮುಂದೆ ದನಿ ತೆಗೆಯದೆ 'ಪಾಲು', 'ಬಾಲು', 'ಮಾಲು' ಎಂದು ನೋಡಿದರೆ ಗೊತ್ತಾಗುತ್ತದೆ. ಕ, ಖ, ಗ ಗಂಟಲ ಬಳಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಹಿಯರಿಂಗ್ ಏಡ್ ಇದ್ದರೂ ಮೈದಾನದಲ್ಲಿ ಅದರ ನೆರವು ತರಗತಿಯ ಕೋಣೆಯಷ್ಟಿರುವುದಿಲ್ಲ. ನಮ್ಮ ಕಾಂಪೌಂಡಿನಾಚೆ ಬಸ್ಸುಗಳ ಹಾರ್ನ್ ನಿಲ್ಲುವುದೇ ಇಲ್ಲ, ಸಾಧನ ಹಾರ್ನನ್ನೂ ನನ್ನ ಮಾತನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ.

ಖೋ ಖೋ ಕಲಿಸಿದ ಕ್ರಮ ಹೀಗಿತ್ತು. ಹಿಂದಿನ ದಿನ ಊಟದ ಬಿಡುವಿನಲ್ಲಿ ಇಬ್ಬರು ಕಿವುಡ ಮಕ್ಕಳನ್ನೂ ಅವರ ಜೊತೆ ಇಬ್ಬರು ಗೆಳೆಯರನ್ನೂ ಕರೆದು, ಜಗಲಿಯ ನೆಲದಲ್ಲಿ ಬಳಪದಿಂದ ಅಂಕಣ ಬರೆದು, ಎಂಟು ಹುಣಸೆಬೀಜಗಳನ್ನು ಚೌಕಗಳಲ್ಲಿ ಇಟ್ಟೆ. ಬೀಜದ ಒಂದು ಮಗ್ಗುಲನ್ನು ಉಜ್ಜಿ ಬಿಳಿ ಮಾಡಿದ್ದೆ. ಬಿಳಿ ಮಗ್ಗುಲು ಮುಖ, ಕಂದು ಮಗ್ಗುಲು ಬೆನ್ನು. ಒಂದು ಹುರುಳಿಕಾಳನ್ನು ಓಡುವವನಾಗಿ, ಒಂದು ಕಡಲೆಕಾಳನ್ನು ಬೆನ್ನಟ್ಟುವವನಾಗಿ ಸರಿಸುತ್ತಾ, ಕಡಲೆ ನಡುಗೆರೆ ದಾಟಲು ಹೋದಾಗಲೆಲ್ಲ ಎರಡು ತೋಳು ಅಡ್ಡ ಮಾಡಿ 'ಇಲ್ಲ' ಎಂದು ತೋರಿಸಿದೆ. ಐದು ನಿಮಿಷದಲ್ಲಿ ಹುಡುಗಿ ಕಡಲೆಕಾಳನ್ನು ತನ್ನ ಕೈಗೆ ತೆಗೆದುಕೊಂಡು, ಹುರುಳಿ ಆಚೆ ಹೋದಾಗ ಕಂದು ಮಗ್ಗುಲು ಕಾಣುವ ಬೀಜದ ಹಿಂದೆ ನಿಲ್ಲಿಸಿ, ಬೀಜವನ್ನು ಎರಡು ಸಲ ತಟ್ಟಿ, ಜಾಗ ಬದಲಿಸಿದಳು. ಈ ಆಟದ ಅತ್ಯಂತ ಕಷ್ಟದ ನಿಯಮವನ್ನು ನಾನು ಒಂದು ಮಾತೂ ಆಡದೆ ಅವಳು ಗ್ರಹಿಸಿದ್ದಳು: ಬೆನ್ನು ಕಂಡರೆ ಖೋ ಕೊಡಬಹುದು, ಮುಖ ಕಂಡರೆ ಮುಂದೆ ಹೋಗಬೇಕು.

ಮರುದಿನ ಮೈದಾನದಲ್ಲಿ ಮಕ್ಕಳನ್ನು ಸಾಲಿನ ಬದಲು ಅರ್ಧವೃತ್ತದಲ್ಲಿ ನಿಲ್ಲಿಸಿದೆ, ಒಬ್ಬರ ತಲೆ ಇನ್ನೊಬ್ಬರಿಗೆ ಅಡ್ಡಬಾರದಂತೆ. ನಮ್ಮ ಪೀರಿಯಡ್ ಬೆಳಗಿನದು. ಸೂರ್ಯ ಮಕ್ಕಳ ಬೆನ್ನಿಗಿರಬೇಕು, ನನ್ನ ಮುಖಕ್ಕೆ ಬೀಳಬೇಕು, ಆದ್ದರಿಂದ ನಾನು ಪಶ್ಚಿಮಕ್ಕೆ ನಿಂತು ಪೂರ್ವದ ಕಡೆ ನೋಡುತ್ತೇನೆ. ಬಿಸಿಲು ನನ್ನ ಬೆನ್ನಿಗಿದ್ದರೆ ಮಕ್ಕಳಿಗೆ ಕಾಣುವುದು ಕಪ್ಪು ಆಕೃತಿ ಮಾತ್ರ. ಎಡ ಬಲ ಮುಖ್ಯವಾದ ಚಲನೆಯನ್ನು, ಉದಾಹರಣೆಗೆ ಕಂಬ ಹಿಡಿದು ತಿರುಗುವುದನ್ನು, ಎದುರು ನಿಂತು ತೋರಿಸಿದರೆ ಕನ್ನಡಿಯಂತೆ ತಿರುವುಮುರುವಾಗುತ್ತದೆ. ಅದನ್ನು ಮಕ್ಕಳಿಗೆ ಬೆನ್ನು ಹಾಕಿ ಮೌನವಾಗಿ ಮಾಡಿ, ಆಮೇಲೆ ತಿರುಗಿ ಮಾತನಾಡುತ್ತೇನೆ. ಸರಿಯಾದದ್ದನ್ನು ಎರಡು ಸಲ, ತಪ್ಪನ್ನು ಒಂದು ಸಲ ತೋರಿಸಿ ತೋಳು ಅಡ್ಡ ಮಾಡುತ್ತೇನೆ, ಕೊನೆಗೆ ಮತ್ತೆ ಸರಿಯಾದದ್ದು. ತಪ್ಪಿನಲ್ಲಿ ಮುಗಿಸಿದರೆ ಕಣ್ಣಿನಲ್ಲಿ ಉಳಿಯುವುದು ಅದೇ.

'ಗೊತ್ತಾಯ್ತಾ?' ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ, ಪದೇ ಪದೇ ಕೇಳಿ ಬೇಸರ ತರಿಸಬಾರದೆಂದು ಕಿವುಡ ಮಗು ಉಳಿದವರಿಗಿಂತ ಮೊದಲು ತಲೆಯಾಡಿಸುತ್ತದೆ. 'ಮಾಡಿ ತೋರಿಸು' ಎಂದರೆ ನಿಜ ತಿಳಿಯುತ್ತದೆ. ಮೊದಲ ಎರಡು ಸರದಿ ಬೇರೆಯವರಿಗೆ, ಮೂರನೆಯದು ಆ ಹುಡುಗಿಗೆ ಕೊಡುತ್ತಿದ್ದೆ, ನೋಡಿಕೊಳ್ಳಲು ಅವಕಾಶವಿರಲಿ ಎಂದು. ಆದರೆ ಯಾವಾಗಲೂ ಹಿಂದೆ ಇಟ್ಟರೆ ಮಗು ನಿಯಮವನ್ನು ಕಲಿಯದೆ ಮುಂದಿನವರನ್ನು ನಕಲು ಮಾಡುವುದನ್ನು ಕಲಿಯುತ್ತದೆ. ಎರಡನೆಯ ವಾರದಿಂದ ಅವಳನ್ನೇ ಮೊದಲು ಕಳಿಸಿದೆ. ಮೌನ ಪ್ರದರ್ಶನದಿಂದ ನಾನು ಎಣಿಸದ ಇನ್ನೊಂದು ಲಾಭವೂ ಆಯಿತು. ಬೇರೆ ರಾಜ್ಯದಿಂದ ಆಗಷ್ಟೇ ಬಂದು ಸೇರಿದ್ದ, ಕನ್ನಡ ಇನ್ನೂ ಬಾರದಿದ್ದ ಮೂವರು ಮಕ್ಕಳು ಮೊದಲ ಬಾರಿಗೆ ಯಾರನ್ನೂ ಕೇಳದೆ ಆಟಕ್ಕೆ ಇಳಿದರು.

ಸಾಧನ, ಸಮತೋಲ ಮತ್ತು ಬೇರೆ ಆಟಗಳು

ಕಾಕ್ಲಿಯರ್ ಇಂಪ್ಲಾಂಟ್ ಇರುವ ಹುಡುಗ ತರಗತಿಯಲ್ಲಿ ಕರೆದರೆ ಓಗೊಡುತ್ತಿದ್ದ, ಆದ್ದರಿಂದ ಅವನಿಗೆ ಬಾವುಟ ಬೇಡವೆಂದು ನಾನು ಭಾವಿಸಿದ್ದೆ. ಆದರೆ ಬೀಳುವ, ಡಿಕ್ಕಿಯಾಗುವ ಸಂಭವವಿರುವ ಆಟದಲ್ಲಿ ಅವನು ತಲೆಯ ಹೊರಗಿನ ಪ್ರೊಸೆಸರನ್ನು ತೆಗೆದಿಡುತ್ತಿದ್ದ. ತೆಗೆದ ಕ್ಷಣದಿಂದ ಅವನು ಏನನ್ನೂ ಕೇಳಲಾರ. ತರಗತಿಯಲ್ಲಿ ಹೆಚ್ಚು ಕೇಳಿಸಿಕೊಳ್ಳುವ ಹುಡುಗನಿಗೇ ಮೈದಾನದಲ್ಲಿ ಬಾವುಟದ ಅಗತ್ಯ ಹೆಚ್ಚು ಎಂಬುದು ಹೀಗೆ ತಿಳಿಯಿತು. ಯಾವ ಆಟಕ್ಕೆ ತೆಗೆಯಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವನ ವೈದ್ಯರಿಂದ ಪೋಷಕರು ಬರೆಸಿಕೊಂಡು ತಂದರು. ತೆಗೆದ ಸಾಧನಗಳಿಗೆ ಹೆಸರು ಬರೆದ, ಮುಚ್ಚಳವಿರುವ ಒಣ ಡಬ್ಬಿ ನನ್ನ ಬಳಿ ಇರುತ್ತದೆ, ಅದನ್ನು ಬಿಸಿಲಿನಲ್ಲಿ ಇಡುವುದಿಲ್ಲ.

ಸಮತೋಲದ ಅಂಗವೂ ಒಳಗಿವಿಯಲ್ಲಿಯೇ ಇದೆ. ಕೆಲವು ಮಕ್ಕಳಲ್ಲಿ, ಅದರಲ್ಲಿಯೂ ಮೆದುಳುಪೊರೆಯ ಉರಿಯೂತದಿಂದ ಕಿವಿ ಹೋದವರಲ್ಲಿ, ಅದಕ್ಕೂ ಪೆಟ್ಟು ಬಿದ್ದಿರುತ್ತದೆ. ಕಂಬ ಹಿಡಿದು ರಭಸದಿಂದ ತಿರುಗುವಾಗ ಮಗು ಮತ್ತೆ ಮತ್ತೆ ಬೀಳುತ್ತಿದ್ದರೆ, ಕಣ್ಣು ತೆರೆದು ಒಂಟಿ ಕಾಲಿನಲ್ಲಿ ನಿಲ್ಲಬಲ್ಲ ಮಗು ಕಣ್ಣು ಮುಚ್ಚಿದೊಡನೆ ವಾಲುತ್ತಿದ್ದರೆ, ಅದನ್ನು ಅಜಾಗರೂಕತೆ ಎಂದು ಗದರದೆ ವೈದ್ಯರಿಗೆ ತಿಳಿಸಬೇಕು. ಅಂಥ ಮಗು ಕಣ್ಣಿನಿಂದಲೇ ಸಮತೋಲ ಕಾಯ್ದುಕೊಳ್ಳುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟಗಳು ನಮ್ಮ ತರಗತಿಯಲ್ಲಿ ಈಗ ಇಲ್ಲ.

ಕಬಡ್ಡಿಯಲ್ಲಿ ದಾಳಿಗಾರ 'ಕಬಡ್ಡಿ, ಕಬಡ್ಡಿ' ಎಂದು ಕೇಳುವಂತೆ ಹೇಳುತ್ತಲೇ ಇರಬೇಕೆಂಬುದೇ ತೊಡಕು. ಒಂದು ದಾಳಿಗೆ 30 ಸೆಕೆಂಡುಗಳ ಮಿತಿ ಹೇಗೂ ಇರುವುದರಿಂದ, ತರಗತಿಯ ಆಟದಲ್ಲಿ ಎಲ್ಲರಿಗೂ ಉಸಿರಿನ ಬದಲು ಆ ಮಿತಿಯನ್ನೇ ಇಟ್ಟುಕೊಂಡಿದ್ದೇವೆ. ಕೊನೆಯ ಐದು ಸೆಕೆಂಡನ್ನು ಬೆರಳೆಣಿಸಿ ತೋರಿಸುವವರು ಎದುರು ತಂಡದ ಹಿಂದಿನ ಗೆರೆಯಾಚೆ ನಿಲ್ಲುತ್ತಾರೆ, ದಾಳಿಗಾರನ ಕಣ್ಣು ಇರುವುದು ಆ ಕಡೆಗೇ ಆದ್ದರಿಂದ. ಮಳೆಗಾಲದಲ್ಲಿ ಸಭಾಂಗಣದೊಳಗೆ ಆಡುವಾಗ ಬಾವುಟದ ಜೊತೆ ದೀಪದ ಸ್ವಿಚ್ಚನ್ನು ಎರಡು ಸಲ ಆರಿಸಿ ಹೊತ್ತಿಸುತ್ತೇವೆ. ಬೆಳಕು ಗೋಡೆಗಳ ಮೇಲೆಲ್ಲ ಬದಲಾಗುವುದರಿಂದ ಯಾವ ಕಡೆ ತಿರುಗಿದ್ದರೂ ತಿಳಿಯುತ್ತದೆ. ಕೆಲಸ ಮಾಡುವ ಸಂಕೇತಗಳಲ್ಲಿ ಶಬ್ದಕ್ಕೆ ಅತ್ಯಂತ ಹತ್ತಿರವಾದದ್ದು ಇದೇ, ಬಯಲಿನಲ್ಲಿ ಮಾತ್ರ ಇದು ಸಿಗದು.

ಶಾಲೆಯಾಚೆಯ ಪಂದ್ಯಕ್ಕೆ ಹೋಗುವಾಗ ನಮ್ಮ ಎರಡು ತಟ್ಟಿನ ನಿಯಮ ಅಲ್ಲಿ ನಡೆಯುವುದಿಲ್ಲ, 'ಖೋ' ಎನ್ನಲೇಬೇಕು. ಆದ್ದರಿಂದ ಪಂದ್ಯಕ್ಕೆ ಎರಡು ವಾರ ಮೊದಲಿನಿಂದ ತಂಡದ ಅಭ್ಯಾಸದಲ್ಲಿ ಶಬ್ದ ಮರಳಿ ಬರುತ್ತದೆ, ಎರಡು ತಟ್ಟು ಮತ್ತು ಎತ್ತಿದ ಕೈ ಅದರ ಜೊತೆಗೇ ಉಳಿಯುತ್ತವೆ. ಟಾಸ್‌ಗೆ ಮೊದಲು ಅಂಪೈರ್ ಬಳಿ ಹೋಗಿ, ಈ ಆಟಗಾರ್ತಿಗೆ ಸೀಟಿ ಕೇಳಿಸುವುದಿಲ್ಲ, ಸೀಟಿ ಊದುವಾಗ ದಯವಿಟ್ಟು ತೋಳನ್ನೂ ಎತ್ತಿ, ಅವಳ 'ಖೋ' ಹೇಗಿರುತ್ತದೆಂದು ಒಮ್ಮೆ ಕೇಳಿಸಿಕೊಳ್ಳಿ ಎಂದು ವಿನಂತಿಸುತ್ತೇನೆ. ಆ ವರ್ಷದ ಪಂದ್ಯದಲ್ಲಿ ಅಂಪೈರ್ ಅವಳನ್ನು ಕರೆದು ಹೇಳಲು ಹೇಳಿದಾಗ, ತರಗತಿಯಲ್ಲಿ ಬಾಯಿ ಬಿಡದಿದ್ದ ಹುಡುಗಿ ಅಂಕಣದ ಗೆರೆಯ ಮೇಲೆ ನಿಂತು ಮೂರು ಸಲ 'ಖೋ' ಎಂದಳು. ಅವರು ತಲೆಯಾಡಿಸಿ, ತಮ್ಮ ಬಲಗೈಯನ್ನು ತಲೆಯ ಮೇಲೆ ಎತ್ತಿ ತೋರಿಸಿದರು. ಅವಳು ಹೋಗಿ ಮೂರನೆಯ ಚೌಕದಲ್ಲಿ, ಅಂಪೈರ್ ನಿಲ್ಲುವ ಬದಿಗೆ ಮುಖ ಮಾಡಿ ಕುಳಿತಳು.